ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದದ್ದು ಯಾಕೆ?

ಪ್ರಶ್ನೆ: ಹಿಂದೆ ಪೆಟ್ರೋಲಿಗೆ ಸೀಸ ಯಾಕೆ ಹಾಕ್ತಿದ್ದರು? ಆಮೇಲೆ ತೆಗೆದದ್ದು ಯಾಕೆ? ಗಾಳಿ ಏನಾದರೂ ಸುಧಾರಿಸಿತಾ?

ಉತ್ತರ: ಎಂಜಿನ್ನಿನ ಒಳಗೆ ಪೆಟ್ರೋಲು ಸ್ಪಾರ್ಕ್ ಪ್ಲಗ್‌ನ ಕಿಡಿಯಿಂದ ಶುರುವಾಗಿ ಹದವಾಗಿ ಉರಿಯಬೇಕು. ಒತ್ತಡ ಜಾಸ್ತಿಯಾದರೆ ಉಳಿದ ಪೆಟ್ರೋಲು ತಾನಾಗೇ ಸಿಡಿದು ಟಕಟಕ ಸದ್ದು ಬರುತ್ತದೆ, ಪಿಸ್ಟನ್ನೂ ಹಾಳಾಗುತ್ತದೆ. 1921ರಲ್ಲಿ ಅಮೆರಿಕದ ಥಾಮಸ್ ಮಿಡ್‌ಗ್ಲಿ, ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ದ್ರವವನ್ನು ಚೂರೇ ಚೂರು ಬೆರೆಸಿದರೆ ಈ ಸಿಡಿತ ನಿಲ್ಲುತ್ತದೆ ಎಂದು ಕಂಡುಕೊಂಡರು. ಆಲ್ಕೋಹಾಲಿನಿಂದಲೂ ಆ ಕೆಲಸ ಆಗುತ್ತಿತ್ತು. ಆದರೆ ಸೀಸ ಅಗ್ಗ, ಪೇಟೆಂಟೂ ಸಿಗುತ್ತಿತ್ತು!

ಸೀಸ ವಿಷ ಅಂತ ಆಗಲೇ ಗೊತ್ತಿತ್ತು. ಆದರೂ ಅದನ್ನು ಹೊರಗೆ ಹಾಕಲು ಮೊದಲು ನೆರವಾದದ್ದು ಒಂದು ಯಂತ್ರಭಾಗ. 1975ರ ಸುಮಾರಿಗೆ ಅಲ್ಲಿನ ಹೊಸ ಕಾರುಗಳಿಗೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬಂತು. ಅದರೊಳಗಿನ ಪ್ಲಾಟಿನಂ ಮೇಲೆ ಸೀಸ ಕೂತರೆ ಕನ್ವರ್ಟರ್ ಕೆಲಸಕ್ಕೆ ಬಾರದು. ಹಾಗಾಗಿ ಸೀಸವಿಲ್ಲದ ಪೆಟ್ರೋಲು ಬೇಕೇ ಬೇಕಾಯಿತು.

ಫಲ ರಕ್ತಪರೀಕ್ಷೆಯಲ್ಲೇ ಕಂಡಿತು. 1970ರ ದಶಕದ ಕೊನೆಯಲ್ಲಿ ಅಮೆರಿಕನ್ನರ ರಕ್ತದಲ್ಲಿ ಸರಾಸರಿ 12.8 ಮೈಕ್ರೋಗ್ರಾಂ ಸೀಸವಿತ್ತು (100 ಮಿಲಿಲೀಟರಿಗೆ). 1991ರ ಹೊತ್ತಿಗೆ ಅದು 2.8ಕ್ಕೆ ಇಳಿಯಿತು. ತವರದ ಡಬ್ಬಿಗಳ ಬೆಸುಗೆಯಿಂದ ಸೀಸ ಹೋದದ್ದೂ ಇದರಲ್ಲಿ ಸೇರಿದೆ, ಆದರೆ ದೊಡ್ಡ ಪಾಲು ಪೆಟ್ರೋಲಿನದೇ.

ನಮ್ಮಲ್ಲಿ ದೇಶವಿಡೀ ಸೀಸರಹಿತ ಪೆಟ್ರೋಲು ಬಂದದ್ದು 2000ದಲ್ಲಿ. ಗಾಳಿಯ ಸೀಸ ಬೇಗ ಇಳಿಯುತ್ತದೆ, ರಸ್ತೆ ಬದಿಯ ಮಣ್ಣಿಗೆ ಸೇರಿದ್ದು ಮಾತ್ರ ಕರಗಿಹೋಗುವುದಿಲ್ಲ, ದಶಕಗಟ್ಟಲೆ ಅಲ್ಲೇ ಕೂತಿರುತ್ತದೆ.