ಒಂದು ಚೀಲ ಹಿಟ್ಟು ಎಂದರೆ ಎಷ್ಟು ಕಿಲೋ?

ಪ್ರಶ್ನೆ: ನಾನು ಮೊದಲ ವರ್ಷದ ವಿದ್ಯಾರ್ಥಿ. ಇಆರ್‌ಪಿ ಪಾಠದಲ್ಲಿ ಮಾಡ್ಯೂಲ್, ಮಾಸ್ಟರ್ ಡೇಟಾ, ಟ್ರಾನ್ಸಾಕ್ಷನ್ ಎಂದರೆ ಏನೆಂದು ತಲೆಗೆ ಹತ್ತುತ್ತಿಲ್ಲ. ಬೇಕರಿಯ ಉದಾಹರಣೆ ಕೊಟ್ಟು ಬಿಡಿಸಿ ಹೇಳುವಿರಾ?

ಇಆರ್‌ಪಿ ಎಂದರೆ ಒಂದು ಸಂಸ್ಥೆಯ ಎಲ್ಲ ವಿಭಾಗಗಳ ಕೆಲಸವನ್ನು ಒಂದೇ ಕಡೆ ನಡೆಸುವ ಸಾಫ್ಟ್‌ವೇರ್. ಅದರಲ್ಲಿ ಮಾಡ್ಯೂಲ್ ಸುಲಭ. ಬೇಕರಿಯಲ್ಲಿ ಹಿಟ್ಟು ಕೊಳ್ಳುವವರು, ಉಗ್ರಾಣ ನೋಡಿಕೊಳ್ಳುವವರು, ಬ್ರೆಡ್ ಬೇಯಿಸುವವರು, ಲೆಕ್ಕ ಬರೆಯುವವರು ಬೇರೆ ಬೇರೆ. ಒಬ್ಬೊಬ್ಬರ ಕೆಲಸಕ್ಕೆ ಸಾಫ್ಟ್‌ವೇರಿನಲ್ಲಿ ಇರುವ ಭಾಗವೇ ಮಾಡ್ಯೂಲ್: ಖರೀದಿ, ದಾಸ್ತಾನು, ಉತ್ಪಾದನೆ, ಹಣಕಾಸು ಹೀಗೆ. ಆದರೆ ಎಲ್ಲ ಭಾಗಗಳೂ ನೋಡುವುದು ಒಂದೇ ಮಾಹಿತಿಯನ್ನು.

ಹಿಟ್ಟಿನ ಹೆಸರು, ಅದರ ಪೂರೈಕೆದಾರರು, ಒಂದು ಚೀಲಕ್ಕೆ 50 ಕಿಲೋ ಎಂಬ ಅಳತೆ, ಒಂದು ಬ್ರೆಡ್ಡಿಗೆ 500 ಗ್ರಾಂ ಹಿಟ್ಟು ಬೇಕೆಂಬ ಪಟ್ಟಿ, ಇವೆಲ್ಲ ಮಾಸ್ಟರ್ ಡೇಟಾ. ಒಮ್ಮೆ ಬರೆದಿಟ್ಟರೆ ದಿನವೂ ಬಳಕೆಗೆ ಬರುತ್ತವೆ. ಇಂದು 10 ಚೀಲ ಬಂದಿತು, ಇಂದು 100 ಬ್ರೆಡ್ ತಯಾರಾಯಿತು ಎಂದು ದಿನಾಂಕ ಹಾಕಿ ದಾಖಲಿಸುವ ಪ್ರತಿಯೊಂದು ನಡೆಯೂ ಟ್ರಾನ್ಸಾಕ್ಷನ್.

ಹಾಗಾದರೆ ಉಗ್ರಾಣದಲ್ಲಿ ಈಗ ಉಳಿದಿರುವ ಹಿಟ್ಟು ಯಾವುದು? ಹೆಚ್ಚಿನವರು ಮಾಸ್ಟರ್ ಡೇಟಾ ಎನ್ನುತ್ತಾರೆ. ಅಲ್ಲ. ಬಂದದ್ದರಿಂದ ಖರ್ಚಾದದ್ದನ್ನು ಕಳೆದರೆ ಸಿಗುವ ಲೆಕ್ಕ ಅದು, ಟ್ರಾನ್ಸಾಕ್ಷನ್‌ಗಳ ಫಲ.

ಈ ವ್ಯತ್ಯಾಸ ನನಗೆ ಅರ್ಥವಾದದ್ದು ತಪ್ಪು ಮಾಡಿದ ಮೇಲೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಸರಕಿನ ಅಳತೆಯನ್ನು ತಪ್ಪಾಗಿ ತುಂಬಿದ್ದೆ. ಅದನ್ನೇ ಬೇಕರಿಗೆ ತರೋಣ. ಚೀಲಕ್ಕೆ 50ರ ಬದಲು 25 ಕಿಲೋ ಎಂದು ಬರೆದಿದ್ದೇನೆ ಎನ್ನಿ. 10 ಚೀಲ ಬರುತ್ತದೆ. ಉಗ್ರಾಣದಲ್ಲಿರುವುದು 500 ಕಿಲೋ, ಕಂಪ್ಯೂಟರಿನಲ್ಲಿ 250. 500 ಬ್ರೆಡ್ ಬೇಯಿಸುವಷ್ಟರಲ್ಲಿ ಲೆಕ್ಕದ ಹಿಟ್ಟು ಮುಗಿಯುತ್ತದೆ. ಮುಂದಿನ ನಮೂದಿಗೆ ‘ದಾಸ್ತಾನು ಸಾಲದು’ ಎಂಬ ಸಂದೇಶ ಬರುತ್ತದೆ, ಕಣ್ಣೆದುರಿಗೆ ಮಾತ್ರ ಇನ್ನೂ ಐದು ತುಂಬಿದ ಚೀಲಗಳು! ಹಣಕಾಸು ಮಾಡ್ಯೂಲ್‌ನಲ್ಲೂ ಪೆಟ್ಟು ಬಿದ್ದಿರುತ್ತದೆ: 10 ಚೀಲಗಳ ಬಿಲ್ಲು 250 ಕಿಲೋಗೇ ಹಂಚಿಹೋಗಿ ಆ 500 ಬ್ರೆಡ್ಡಿನ ಹಿಟ್ಟಿನ ವೆಚ್ಚ ಎರಡರಷ್ಟು ಕಾಣುತ್ತದೆ. ತಪ್ಪು ಒಂದು ಕಡೆ, ಗಲಾಟೆ ಮೂರು ಮಾಡ್ಯೂಲ್‌ಗಳಲ್ಲಿ.

ಮಾಸ್ಟರ್‌ನಲ್ಲಿ 25 ಅಳಿಸಿ 50 ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದೆ. ನಾಳೆ ಬರುವ ಚೀಲಗಳಿಗೆ ಅದು ಸರಿ. ಆದರೆ ನಿನ್ನೆಯ ಟ್ರಾನ್ಸಾಕ್ಷನ್ ತನ್ನ 250 ಕಿಲೋವನ್ನು ಆಗಲೇ ಬರೆದುಕೊಂಡಿರುತ್ತದೆ, ಮಾಸ್ಟರ್ ಬದಲಾದರೂ ಅದು ಬದಲಾಗುವುದಿಲ್ಲ. ಆ ನಮೂದನ್ನು ರದ್ದು ಮಾಡೋಣ ಎಂದರೆ, ಹಿಟ್ಟು ಆಗಲೇ ಖರ್ಚಾಗಿರುವುದರಿಂದ ದಾಸ್ತಾನು ಸೊನ್ನೆಗಿಂತ ಕೆಳಗಿಳಿಯುತ್ತದೆ. ಆದ್ದರಿಂದ ಮೊದಲು ಅಳತೆ ತಿದ್ದಿ, ಆಮೇಲೆ ಉಗ್ರಾಣಕ್ಕೆ ಹೋಗಿ ಚೀಲಗಳನ್ನು ಎಣಿಸಿ, ಹೆಚ್ಚಾಗಿ ಸಿಕ್ಕ 250 ಕಿಲೋವನ್ನು ಎಣಿಕೆಯ ವ್ಯತ್ಯಾಸವೆಂದು ಹೊಸದಾಗಿ ದಾಖಲಿಸಬೇಕು. ಗಮನಿಸಿ, ಆ ದಾಖಲೆಯೂ ಒಂದು ಟ್ರಾನ್ಸಾಕ್ಷನ್ನೇ.