ಬೆವರಿಗೆ ತಕ್ಕ ನೀರು: ತೂಕದ ಮಷಿನ್ ಹೇಳಿದ ಲೆಕ್ಕ

"ಹುಬ್ಬಳ್ಳಿಯಾಗ ಉಣಕಲ್ ಕೆರಿ ಕಡೆ ಓಡ್ತೀನ್ರಿ. ಓಟದ ಮುಂಚೆ, ಆಮ್ಯಾಲೆ ತೂಕ ನೋಡಿದ್ರ ಬೆವರು ಎಷ್ಟು ಹೋತು ಅಂತ ಗೊತ್ತಾಗ್ತದಂತ. ಹೆಂಗ ನೋಡಬೇಕು? ಹಾಫ್ ಮ್ಯಾರಥಾನ್‌ಗೆ ಎಷ್ಟು ನೀರು ಕುಡೀಬೇಕು?"

ನಾನು ಧಾರವಾಡದಲ್ಲಿ ಕೆಲಗೇರಿ ಕೆರೆ ಕಡೆ ಓಡುವವನು. ಏಪ್ರಿಲ್‌ನಲ್ಲಿ ನಾನು ಮಾಡಿದ ಲೆಕ್ಕವನ್ನೇ ಹೇಳುತ್ತೇನೆ.

ಮೂತ್ರಕ್ಕೆ ಹೋಗಿಬಂದು, ಬಟ್ಟೆಯಿಲ್ಲದೆ ಡಿಜಿಟಲ್ ತೂಕದ ಮಷಿನ್ ಹತ್ತಿದೆ: 68.4 ಕಿಲೋ. ಮಷಿನ್ ಗಟ್ಟಿ ನೆಲದ ಮೇಲಿರಲಿ, ಚಾಪೆ ಮೇಲಿಟ್ಟರೆ ಒಂದೊಂದು ಸಲ ಒಂದೊಂದು ತೋರಿಸುತ್ತದೆ. 75 ನಿಮಿಷ ಓಡಿದೆ, ನಡುವೆ ಬಾಟಲಿಯಿಂದ 300 ಮಿಲಿ ನೀರು ಕುಡಿದೆ. ಮನೆಗೆ ಬಂದು, ಏನನ್ನೂ ಕುಡಿಯುವ ಮುಂಚೆ, ಮೈ ತಲೆ ಚೆನ್ನಾಗಿ ಒರೆಸಿಕೊಂಡು ಮತ್ತೆ ಹತ್ತಿದೆ: 67.3. ಇಳಿದದ್ದು 1.1 ಕಿಲೋ. ಒಂದು ಕಿಲೋ ಅಂದರೆ ಸುಮಾರು ಒಂದು ಲೀಟರ್ ಬೆವರು. ಕುಡಿದ 300 ಮಿಲಿಯೂ ಬೆವರಾಗಿಯೇ ಹೋಗಿದೆ, ಅದನ್ನು ಕೂಡಿಸಿದರೆ 1.4 ಲೀಟರ್. ಒಂದೂಕಾಲು ತಾಸಿಗೆ ಇಷ್ಟಾದರೆ ತಾಸಿಗೆ ಸುಮಾರು 1.1 ಲೀಟರ್. ನಡುವೆ ಮೂತ್ರಕ್ಕೆ ಹೋಗಿದ್ದರೆ ಅಷ್ಟನ್ನು ಕಳೆಯಬೇಕು.

ಮೊದಲ ಸಲ ನಾನು ತಪ್ಪಿದ್ದು ಬಟ್ಟೆಯಲ್ಲಿ. ಓಡಿದ ಟಿ-ಶರ್ಟಿನಲ್ಲೇ ತೂಕ ನೋಡಿದ್ದೆ, ಬೆವರು ಕಡಿಮೆ ಅಂತ ಬಂತು. ಆಮೇಲೆ ಆ ಟಿ-ಶರ್ಟನ್ನು ಅಡುಗೆಮನೆಯ ಸಣ್ಣ ತಕ್ಕಡಿಯಲ್ಲಿಟ್ಟೆ. ಒಣಗಿದಾಗ 130 ಗ್ರಾಂ ಇದ್ದದ್ದು 420 ಆಗಿತ್ತು. ಲೆಕ್ಕಕ್ಕೆ ಸಿಗದ ಬೆವರು ಅಲ್ಲೇ ಕೂತಿತ್ತು. ಇನ್ನೊಂದು, ಅರ್ಧ ತಾಸಿನ ಓಟದಲ್ಲಿ ಅಳೆಯಬೇಡಿ. ಮಷಿನ್ 100 ಗ್ರಾಂ ತಪ್ಪಿದರೂ ತಾಸಿನ ಲೆಕ್ಕ 200 ಮಿಲಿ ತಪ್ಪುತ್ತದೆ. ಒಂದು ತಾಸಾದರೂ ಓಡಿ, ಸ್ಪರ್ಧೆಯ ವೇಗದಲ್ಲಿ, ಅದೇ ಹೊತ್ತಿನ ಬಿಸಿಲಿನಲ್ಲಿ. ಮೂರು ಸಲ ನೋಡಿದರೆ ಅಂಕಿಯನ್ನು ನಂಬಬಹುದು.

ಈಗ ನೀರು. ಹೋದ ಬೆವರನ್ನೆಲ್ಲ ಓಡುತ್ತಲೇ ತುಂಬಿಸಬೇಕಾಗಿಲ್ಲ, ಹೊಟ್ಟೆಯೂ ಕೇಳುವುದಿಲ್ಲ. ದೇಹದ ತೂಕದ ಶೇ. 2ಕ್ಕಿಂತ ಹೆಚ್ಚು ಇಳಿಯದಂತೆ ನೋಡಿಕೊಂಡರೆ ಸಾಕು. ನನಗದು ಸುಮಾರು 1.4 ಕಿಲೋ. ಎರಡು ತಾಸಿನ ಹಾಫ್ ಮ್ಯಾರಥಾನ್‌ಗೆ ಬೆವರು 2.2 ಲೀಟರ್, ಅದರಲ್ಲಿ 1.4 ಬಿಟ್ಟರೆ ಉಳಿದದ್ದು 800 ಮಿಲಿ. ಹಾಗಾಗಿ ನಾನು 20 ನಿಮಿಷಕ್ಕೊಮ್ಮೆ ಸುಮಾರು 150 ಮಿಲಿಯಂತೆ ಐದು ಸಲ ಕುಡಿಯುತ್ತೇನೆ, ಹೊರಡುವಾಗ ಒಂದೆರಡು ಗುಟುಕು. ಮುಗಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆ, ಊಟ.

ದಯವಿಟ್ಟು ಇದೊಂದನ್ನು ಮರೆಯಬೇಡಿ: ಓಟ ಮುಗಿದಾಗ ತೂಕ ಏರಿದ್ದರೆ ಬೆವರಿಗಿಂತ ಹೆಚ್ಚು ಕುಡಿದಿದ್ದೀರಿ. ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ವಾಂತಿ, ಗೊಂದಲ ಆಗಬಹುದು, ಜೀವಕ್ಕೂ ಅಪಾಯ. ಆಗ "ಇನ್ನೂ ನೀರು ಕುಡಿ" ಅನ್ನುವವರ ಮಾತು ಕೇಳದೆ ನೇರ ಆಸ್ಪತ್ರೆಗೆ ಹೋಗಬೇಕು.

ಏಪ್ರಿಲ್ ಅಂಕಿ ಡಿಸೆಂಬರಿಗೆ ಹೊಂದುವುದಿಲ್ಲ. ಅದೇ ದಾರಿ, ಅದೇ ವೇಗ, ಚಳಿಯ ಬೆಳಗಿನಲ್ಲಿ ನನಗೆ ತಾಸಿಗೆ 0.7 ಲೀಟರ್ ಬಂತು. ಎರಡು ತಾಸಿಗೆ 1.4, ಅಂದರೆ ನನ್ನ ಮಿತಿಯಷ್ಟೇ. ಆ ದಿನಗಳಲ್ಲಿ ಗಡಿಯಾರ ನೋಡದೆ ಬಾಯಾರಿದಾಗ ಕುಡಿಯುತ್ತೇನೆ.