ಪೋಸ್ಟರ್ ಫೋಟೊ ಕನ್ನಡ ಮಾಡುವಾಗ ದೊಡ್ಡದು ದೊಡ್ಡದಾಗಿಯೇ ಇರಲಿ

ಪ್ರಶ್ನೆ: ಮೇಡಂ, ಒಂದು ಸಂಗೀತ ಕಾರ್ಯಕ್ರಮದ ಇಂಗ್ಲಿಷ್ ಪೋಸ್ಟರಿನ ಫೋಟೊ ಕೊಟ್ಟು ಕನ್ನಡ ಮಾಡಿಕೊಡಿ ಅಂದಿದ್ದಾರೆ. ಫೋನಿನ ಅನುವಾದ ಆಪ್‌ಗೆ ಹಾಕಿದೆ. ಶೀರ್ಷಿಕೆ ಚಿಕ್ಕದಾಯಿತು, ಕೆಳಗಿನ ಷರತ್ತು ದೊಡ್ಡದಾಯಿತು, ಸಾಲುಗಳೂ ಹಿಂದೆಮುಂದೆ ಆದವು. ಸರಿ ಮಾಡೋದು ಹೇಗೆ? ಫೋಟೊ ಜೊತೆಗಿದೆ.

ಈ ಪ್ರಶ್ನೆ ಎಷ್ಟು ಸಲ ಬಂದರೂ ಕಥೆ ಒಂದೇ. ಆಪ್ ಕೊಟ್ಟಿದ್ದನ್ನು ಆಮೇಲೆ ತಿದ್ದಲು ಹೊರಡುತ್ತೀರಿ. ಅಲ್ಲಿಂದ ಶುರು ಮಾಡಿದರೆ ಸರಿಹೋಗುವುದಿಲ್ಲ. ಆಪ್ ಏನು ಮಾಡುತ್ತದೆ ನೋಡಿ. ಕಂಡ ಒಂದೊಂದು ಸಾಲಿನ ಸುತ್ತ ಒಂದು ಚೌಕ ಹಾಕುತ್ತದೆ. ಅದರೊಳಗಿನ ಮಾತನ್ನು ಅನುವಾದಿಸಿ, ಅದೇ ಚೌಕದೊಳಗೆ ಹಿಡಿಸಲು ನೋಡುತ್ತದೆ. ಇಂಗ್ಲಿಷಿನ ಗಿಡ್ಡ ಶೀರ್ಷಿಕೆ ಕನ್ನಡದಲ್ಲಿ ಉದ್ದವಾದರೆ ಅಕ್ಷರ ಕುಗ್ಗುತ್ತದೆ. ಉದ್ದದ ಷರತ್ತು ಕನ್ನಡದಲ್ಲಿ ಗಿಡ್ಡವಾದರೆ ಅಕ್ಷರ ಹಿಗ್ಗುತ್ತದೆ. ಅಂದರೆ ಅಕ್ಷರದ ಗಾತ್ರವನ್ನು ಪೋಸ್ಟರ್ ಮಾಡಿದವರು ತೀರ್ಮಾನಿಸುತ್ತಿಲ್ಲ, ಅನುವಾದದ ಉದ್ದ ತೀರ್ಮಾನಿಸುತ್ತಿದೆ. ಹಾಗಾಗಿ ಮೊದಲು ಮೂಲದಲ್ಲಿ ಯಾವುದು ಯಾವ ದರ್ಜೆ ಎಂದು ನೀವೇ ಗುರುತು ಮಾಡಿ. ಅನುವಾದ ಆಮೇಲಿನ ಕೆಲಸ.

ನಿಮ್ಮ ಫೋಟೊವನ್ನೇ ತೆಗೆದುಕೊಳ್ಳುತ್ತೇನೆ. ಗೋಡೆಯ ಮೇಲಿನ ಪೋಸ್ಟರನ್ನು ಕೆಳಗೆ ನಿಂತು ತೆಗೆದಿದ್ದೀರಿ. ಪೋಸ್ಟರಿನ ಕೆಳಭಾಗ ಕ್ಯಾಮೆರಾಗೆ ಹತ್ತಿರ, ಮೇಲ್ಭಾಗ ದೂರ. ಹಾಗಾಗಿ ಮೇಲಿರುವ ಶೀರ್ಷಿಕೆಯ ಅಕ್ಷರ ನಿಮ್ಮ ಫೋಟೊದಲ್ಲಿ 84 ಪಿಕ್ಸೆಲ್ ಎತ್ತರ ಇದೆ. ಕೆಳಗಿನ ಗುಂಡು ಮುದ್ರೆಯೊಳಗಿನ 'ಫ್ರೀ ಎಂಟ್ರಿ' 66 ಪಿಕ್ಸೆಲ್. ಎರಡೂ ಹೆಚ್ಚುಕಮ್ಮಿ ಸಮ ಅನ್ನಿಸುತ್ತದೆ, ಅಲ್ವಾ? ಅದು ನಿಜವಲ್ಲ. ಅಳೆಯುವ ಮೊದಲು ಫೋಟೊ ನೇರ ಮಾಡಿಕೊಳ್ಳಬೇಕು. ಸ್ಕ್ಯಾನ್ ಮಾಡುವ ಯಾವುದೇ ಆಪ್‌ನಲ್ಲಿ ನಾಲ್ಕು ಮೂಲೆ ಹಿಡಿದು ಎಳೆದರೆ ಆಯಿತು. ಆದರೆ ಉದ್ದ ಅಗಲದ ಅನುಪಾತವನ್ನು ಆಪ್‌ಗೆ ಬಿಡಬೇಡಿ. ಎ4, ಎ3 ಹಾಳೆಗಳೆಲ್ಲ ಒಂದೇ ಅನುಪಾತದವು, ಎತ್ತರವು ಅಗಲದ 1.414 ಪಟ್ಟು. ನಿಮ್ಮದು ಎ3 ಎಂದು ಬರೆದಿದ್ದೀರಿ, ಅಂದರೆ 297 ಮಿ.ಮೀ. ಅಗಲ, 420 ಮಿ.ಮೀ. ಎತ್ತರ. ಚಿತ್ರವನ್ನು 1485 ಪಿಕ್ಸೆಲ್ ಅಗಲ, 2100 ಪಿಕ್ಸೆಲ್ ಎತ್ತರಕ್ಕೆ ತಂದರೆ 5 ಪಿಕ್ಸೆಲ್‌ಗೆ 1 ಮಿ.ಮೀ. ಲೆಕ್ಕ ಸಿಗುತ್ತದೆ.

ಹಾಗೆ ನೇರ ಮಾಡಿದ ಮೇಲೆ ಶೀರ್ಷಿಕೆ 130 ಪಿಕ್ಸೆಲ್ ಬಂತು, ಅಂದರೆ 26 ಮಿ.ಮೀ. ಮುದ್ರೆಯೊಳಗಿನ ಮಾತು 70 ಪಿಕ್ಸೆಲ್, 14 ಮಿ.ಮೀ. ಕಾಲು ಭಾಗ ಮಾತ್ರ ದೊಡ್ಡದು ಎಂದು ಕಂಡಿದ್ದ ಶೀರ್ಷಿಕೆ ನಿಜದಲ್ಲಿ ಹತ್ತಿರಹತ್ತಿರ ಎರಡು ಪಟ್ಟು ದೊಡ್ಡದು. ಉಪಶೀರ್ಷಿಕೆ 10 ಮಿ.ಮೀ., ದಿನ ಮತ್ತು ಸಮಯ 8 ಮಿ.ಮೀ. ದಪ್ಪಕ್ಷರ, ಕೆಳಗಿನ ಷರತ್ತು 3 ಮಿ.ಮೀ. ಇಷ್ಟೇ ಅಳತೆ ಸಾಕು.

ಬರೀ ಅಳತೆ ನಂಬಿದರೂ ಕೆಡುತ್ತೀರಿ. ನಿಮ್ಮ ಪೋಸ್ಟರಿನ ಶೀರ್ಷಿಕೆ ಮೂರು ಸಾಲಿನಲ್ಲಿದೆ: 'ಸೌಂಡ್ಸ್', 'ಆಫ್', 'ಸಮ್ಮರ್'. ನಡುವಿನ 'ಆಫ್' ತೀರಾ ಚಿಕ್ಕದು, 6 ಮಿ.ಮೀ. ಮಾತ್ರ. ಗಾತ್ರ ನೋಡಿ ಅದನ್ನು ವಿವರದ ಸಾಲು ಎಂದು ಆಪ್ ಬೇರೆ ಮಾಡಿತು, ಅದಕ್ಕೇ ನಿಮ್ಮ ಶೀರ್ಷಿಕೆ ಮೂರು ತುಂಡಾಯಿತು. ಎರಡು ದೊಡ್ಡ ಸಾಲುಗಳ ನಡುವೆ ಸಿಕ್ಕಿಕೊಂಡಿರುವ ಸಣ್ಣ ಪದ ಶೀರ್ಷಿಕೆಗೇ ಸೇರಿದ್ದು. ಇನ್ನೊಂದು ಕಡೆ, ಮುದ್ರೆಯ ಮಾತು ಗಾತ್ರದಲ್ಲಿ ಎರಡನೆಯದು, ಆದರೆ ಅದು ಉಪಶೀರ್ಷಿಕೆ ಅಲ್ಲ. ಶೀರ್ಷಿಕೆಗೆ ಅಂಟಿಕೊಂಡು ಅದನ್ನೇ ವಿವರಿಸುವ ಸಾಲು ಉಪಶೀರ್ಷಿಕೆ. ಮುದ್ರೆ ಪಕ್ಕದಿಂದ ಕೂಗಿ ಹೇಳುವ ಮಾತು, ಅದನ್ನು ಬೇರೆಯಾಗಿಯೇ ಇಡಬೇಕು. ಗಾತ್ರ ನೋಡಿ ದರ್ಜೆ ತಿಳಿಯಿರಿ. ಯಾವುದು ಯಾವುದಕ್ಕೆ ಸೇರಿದ್ದು ಎನ್ನುವುದನ್ನು ಎಷ್ಟು ಹತ್ತಿರ ಇದೆ ಎಂಬುದರಿಂದ ತಿಳಿಯಿರಿ.

ಇಷ್ಟಾದ ಮೇಲೆ ಅನುವಾದ. ನಾನು ಹೀಗೆ ಗುರುತು ಹಾಕಿಯೇ ಕಳಿಸುತ್ತೇನೆ, ವಿನ್ಯಾಸ ಮಾಡುವವರಿಗೆ ದರ್ಜೆ ತಪ್ಪುವುದಿಲ್ಲ. ಒಂದು # ಇದ್ದರೆ ಶೀರ್ಷಿಕೆ, ಎರಡಿದ್ದರೆ ಉಪಶೀರ್ಷಿಕೆ, ಮೂರಿದ್ದರೆ ದಿನದ ಸಾಲು:

```
# ಬೇಸಿಗೆ ನಾದ
## ಬಯಲಿನಲ್ಲಿ ಒಂದು ಸಂಗೀತ ಸಂಜೆ
### ಶನಿವಾರ, ಜೂನ್ 14, ಸಂಜೆ 6ಕ್ಕೆ
[ಮುದ್ರೆ] ಪ್ರವೇಶ ಉಚಿತ*
[ಸಣ್ಣಕ್ಷರ] *12 ವರ್ಷದೊಳಗಿನ ಮಕ್ಕಳಿಗೆ ಮಾತ್ರ,
ಜೊತೆಗೆ ದೊಡ್ಡವರು ಇರಬೇಕು. 6.45ರ ನಂತರ
ಒಳಗೆ ಬಿಡುವುದಿಲ್ಲ.
```

ಶೀರ್ಷಿಕೆಯಲ್ಲಿ ಕ್ರಿಯಾಪದ ಬೇಡ, ವಿಭಕ್ತಿ ಸರಪಳಿ ಬೇಡ. ಗಿಡ್ಡವಾಗಿದ್ದರೆ ಮಾತ್ರ ಅದನ್ನು ದೊಡ್ಡದಾಗಿ ಕೂರಿಸಲು ಜಾಗ ಸಿಗುತ್ತದೆ. ಉದ್ದವಾಯಿತೆಂದರೆ ಅಕ್ಷರ ಕುಗ್ಗಿಸಬೇಡಿ, ಮಾತು ಕಡಿಮೆ ಮಾಡಿ, ಮಿಕ್ಕಿದ್ದನ್ನು ಉಪಶೀರ್ಷಿಕೆಗೆ ಇಳಿಸಿ. ಷರತ್ತು ಮಾತ್ರ ಪೂರ್ತಿ ವಾಕ್ಯದಲ್ಲೇ ಇರಲಿ. ಅಲ್ಲಿ ಮಾತು ಉಳಿಸಲು ಹೋದರೆ ಅರ್ಥ ಹೋಗುತ್ತದೆ.

ಆ ನಕ್ಷತ್ರದ ಗುರುತಿನ ಬಗ್ಗೆ ನನಗೆ ತುಂಬಾ ಭಯ. ಆಪ್ ಎಷ್ಟೋ ಸಲ ಅದನ್ನು ನುಂಗಿಬಿಡುತ್ತದೆ, ನೀವು ಕಳಿಸಿದ ಕನ್ನಡದಲ್ಲೂ ಅದು ಇಲ್ಲ. ನಕ್ಷತ್ರ ಹೋದರೆ ಪೋಸ್ಟರ್ ಎಲ್ಲರಿಗೂ ಉಚಿತ ಎಂದು ಸುಳ್ಳು ಹೇಳಿದ ಹಾಗೆ. ದೊಡ್ಡವರೂ ಹಾಗೇ ಬಂದು ಬಾಗಿಲಲ್ಲಿ ಜಗಳ ಮಾಡುತ್ತಾರೆ. ಮುದ್ರೆಯಲ್ಲಿ ಒಂದು, ಷರತ್ತಿನ ಮುಂದೆ ಒಂದು, ಎರಡೂ ಇವೆಯೇ ಎಂದು ಕೊನೆಯಲ್ಲಿ ಎಣಿಸಿ. ಹಾಗಂತ ಷರತ್ತು ಮುಖ್ಯ ಎಂದು ನೀವಾಗಿಯೇ ಅದನ್ನು ಮುದ್ರೆಯೊಳಕ್ಕೆ ಏರಿಸಬೇಡಿ. ಓದುವವರಿಗೆ ಮೋಸ ಆಗುತ್ತದೆ ಅನ್ನಿಸಿದರೆ ಪೋಸ್ಟರ್ ಮಾಡಿಸಿದವರಿಗೆ ಬೇರೆ ಚೀಟಿಯಲ್ಲಿ ಬರೆದು ಹೇಳಿ. ನಾನು ಪ್ರತಿ ಸಲ ಹೇಳುತ್ತೇನೆ.

ಇನ್ನು ಅಕ್ಷರ ಕೂರಿಸುವುದು. ಇಂಗ್ಲಿಷಿನ ಪಾಯಿಂಟ್ ಸಂಖ್ಯೆಯನ್ನೇ ಕನ್ನಡಕ್ಕೂ ಹಾಕುವವರು ಬಹಳ ಜನ. ಒಂದೇ ಪಾಯಿಂಟ್ ಇಟ್ಟರೂ ಎರಡು ಲಿಪಿ ಕಣ್ಣಿಗೆ ಒಂದೇ ಗಾತ್ರ ಕಾಣುವುದಿಲ್ಲ. ತಲೆಕಟ್ಟಿನಿಂದ ಅಕ್ಷರದ ಪಾದದವರೆಗೆ ಅಳೆಯಿರಿ, ಒತ್ತಕ್ಷರ ಬಿಟ್ಟು. ಕಾಯಬೇಕಾದದ್ದು ಮಿಲಿಮೀಟರ್ ಅಲ್ಲ, ದರ್ಜೆಗಳ ನಡುವಿನ ಅಂತರ. ಮೇಲಿನದು ಕೆಳಗಿನದರ ಒಂದೂವರೆ ಪಟ್ಟಾದರೂ ಇದ್ದರೆ ಕಣ್ಣು ಬೇರೆ ಎಂದು ಗುರುತಿಸುತ್ತದೆ. ನಿಮ್ಮ ಪೋಸ್ಟರಿನಲ್ಲಿ 10 ಮತ್ತು 8ರ ನಡುವೆ ಅಷ್ಟು ಅಂತರವಿಲ್ಲ, ಅದಕ್ಕೇ ಮೂಲದವರು ದಿನದ ಸಾಲನ್ನು ದಪ್ಪ ಮಾಡಿದ್ದಾರೆ. ಕನ್ನಡದಲ್ಲೂ ಆ ದಪ್ಪ ಬಿಡಬೇಡಿ. ಸಣ್ಣಕ್ಷರ ಮಾತ್ರ ಮೂಲಕ್ಕಿಂತ ಸ್ವಲ್ಪ ದೊಡ್ಡದಾದರೂ ಪರವಾಗಿಲ್ಲ, ಕೊನೆಯ ದರ್ಜೆಯಲ್ಲೇ ಇದ್ದರಾಯಿತು. ತೀರಾ ಸಣ್ಣದಾದರೆ ಕನ್ನಡದಲ್ಲಿ ಮೊದಲು ಮಸಿಯಾಗುವುದು ಒತ್ತಕ್ಷರ.

ಮೂಲದ ಶೀರ್ಷಿಕೆ ಪೂರ್ತಿ ಕ್ಯಾಪಿಟಲ್ ಅಕ್ಷರದಲ್ಲಿದೆ. ಕನ್ನಡದಲ್ಲಿ ಕ್ಯಾಪಿಟಲ್, ಸ್ಮಾಲ್ ಎಂಬ ಎರಡು ರೂಪ ಇಲ್ಲ. ಆ ತೂಕವನ್ನು ದಪ್ಪದಿಂದಲೋ ಬಣ್ಣದಿಂದಲೋ ತರಬೇಕು. ಅಕ್ಷರ ಓರೆ ಮಾಡುವುದು, ಅಕ್ಷರಗಳ ನಡುವೆ ಜಾಗ ಬಿಡುವುದು ಎರಡೂ ಬೇಡ. ಓರೆ ಮಾಡಿದ ಕನ್ನಡ ಬಿದ್ದ ಹಾಗೆ ಕಾಣುತ್ತದೆ, ಜಾಗ ಬಿಟ್ಟ ಕನ್ನಡ ಪದವಾಗಿ ಓದಿಸಿಕೊಳ್ಳುವುದಿಲ್ಲ. ಸಾಲುಗಳ ನಡುವಿನ ಅಂತರವನ್ನು ಮಾತ್ರ ಜಾಸ್ತಿ ಮಾಡಿ, ಅಕ್ಷರದ ಗಾತ್ರದ ಕನಿಷ್ಠ 1.25 ಪಟ್ಟು. ಇಂಗ್ಲಿಷಿನ ಕ್ಯಾಪಿಟಲ್ ಅಕ್ಷರಗಳು ಸಾಲಿನಿಂದ ಕೆಳಕ್ಕೆ ಇಳಿಯುವುದಿಲ್ಲ, ಹಾಗಾಗಿ ಅವರು ಸಾಲು ಒತ್ತಿ ಕೂರಿಸಿರುತ್ತಾರೆ. ನಮ್ಮ ಒತ್ತಕ್ಷರ ಇಳಿದು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಸರಿಯಾಯಿತೋ ಇಲ್ಲವೋ ತಿಳಿಯಲು ಮೂಲ ಮತ್ತು ಕನ್ನಡ ಎರಡನ್ನೂ ಫೋನಿನಲ್ಲಿ ಹೆಬ್ಬೆರಳಿನಷ್ಟು ಅಗಲಕ್ಕೆ ಇಳಿಸಿ ಅಕ್ಕಪಕ್ಕ ಇಡಿ. ಪೋಸ್ಟರ್ ಮೊದಲು ನೋಡಿರದ ಒಬ್ಬರಿಗೆ ತೋರಿಸಿ, ಕಣ್ಣಿಗೆ ಬಿದ್ದ ಕ್ರಮದಲ್ಲಿ ಹೇಳಿ ಅನ್ನಿ. ಎರಡರಲ್ಲೂ ಶೀರ್ಷಿಕೆ, ಮುದ್ರೆ, ದಿನ ಅದೇ ಕ್ರಮದಲ್ಲಿ ಬಂದರೆ ಕಳಿಸಿ. ದಿನಕ್ಕಿಂತ ಮೊದಲು ಷರತ್ತು ಓದಿದರೆ ಸಣ್ಣಕ್ಷರ ಅತಿಯಾಗಿದೆ.

ಪ್ರಶ್ನೆ: ಸಣ್ಣಕ್ಷರ ಮಸುಕಾಗಿದೆ. ಫೋಟೊ ಸ್ಪಷ್ಟ ಮಾಡುವ ಆಪ್ ಹಾಕಿದೆ, ಈಗ ಚೆನ್ನಾಗಿ ಓದಲು ಬರುತ್ತಿದೆ. ಅದನ್ನೇ ಅನುವಾದಿಸಲಾ?

ಖಂಡಿತ ಬೇಡ. ಅಂಥ ಆಪ್‌ಗಳು ಇಲ್ಲದ ಗೆರೆಯನ್ನು ಊಹಿಸಿ ತುಂಬುತ್ತವೆ. 3 ಹೋಗಿ 8 ಆಗುತ್ತದೆ, 1 ಹೋಗಿ 7 ಆಗುತ್ತದೆ, ನೋಡಲು ಮಾತ್ರ ಚೆಂದ. ಇದನ್ನೇ ದೊಡ್ಡ ವಿದ್ಯೆ ಎಂದು ಹೇಳಿಕೊಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಏಕೆಂದರೆ ತಪ್ಪು ಸಮಯಕ್ಕೆ, ತಪ್ಪು ಫೋನ್ ನಂಬರಿಗೆ ಹೋಗುವವರು ಬೇರೆ ಯಾರೋ. ಅಕ್ಷರದ ಎತ್ತರ 10 ಪಿಕ್ಸೆಲ್‌ಗಿಂತ ಕಡಿಮೆ ಇದ್ದರೆ ನಾನು ಓದಲು ಹೋಗುವುದೇ ಇಲ್ಲ. ಆ ಭಾಗದ ಹತ್ತಿರದ ಫೋಟೊ ಕೇಳಿ. ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಇಲ್ಲದಿದ್ದರೆ ಗಾತ್ರ ಕುಗ್ಗಿಯೇ ಬರುತ್ತದೆ. ಸಿಗದಿದ್ದರೆ ಆ ಜಾಗದಲ್ಲಿ 'ಓದಲಾಗುತ್ತಿಲ್ಲ' ಎಂದು ಬರೆಯಿರಿ.

ಪ್ರಶ್ನೆ: ಸಣ್ಣಕ್ಷರ ಯಾರೂ ಓದಲ್ಲ. ಕರಪತ್ರದಲ್ಲಿ ಜಾಗವೂ ಇಲ್ಲ. ಬಿಟ್ಟುಬಿಡಬಹುದಲ್ವಾ?

ಇಲ್ಲ. ಬಾಗಿಲಲ್ಲಿ ನಿಂತವರು ಅದನ್ನೇ ಓದಿ ನಿಮ್ಮ ಓದುಗರನ್ನು ವಾಪಸ್ ಕಳಿಸುತ್ತಾರೆ.

ಪ್ರಶ್ನೆ: ಪ್ರಾಯೋಜಕರ ಲೋಗೊದಲ್ಲಿರುವ ಹೆಸರನ್ನೂ ಕನ್ನಡ ಮಾಡಬೇಕಾ?

ಬೇಡ, ಮುಟ್ಟಬೇಡಿ.

ಪ್ರಶ್ನೆ: ಯಾವ ಫಾಂಟ್ ಒಳ್ಳೆಯದು? ಶೀರ್ಷಿಕೆಗೆ ಒಂದು, ಉಪಶೀರ್ಷಿಕೆಗೆ ಒಂದು, ವಿವರಕ್ಕೆ ಒಂದು ಹಾಕಿದ್ದೇನೆ.

ಮೂರು ಬೇಡ, ಒಂದೇ ಸಾಕು. ತೆಳುವಿನಿಂದ ಕಡುದಪ್ಪದವರೆಗೆ ಹಲವು ದಪ್ಪಗಳಿರುವ ಫಾಂಟ್ ಆರಿಸಿ. ನೋಟೊ ಸ್ಯಾನ್ಸ್ ಕನ್ನಡ, ಅನೇಕ್ ಕನ್ನಡ ಎರಡರಲ್ಲೂ ಅದು ಇದೆ, ಎರಡೂ ಉಚಿತ. ಅನೇಕ್‌ನಲ್ಲಿ ಅಗಲ ಕಡಿಮೆ ಇರುವ ರೂಪವೂ ಸಿಗುತ್ತದೆ, ಶೀರ್ಷಿಕೆ ಒಂದಕ್ಷರದಷ್ಟು ಹೊರಗೆ ಉಳಿದಾಗ ಗಾತ್ರ ಇಳಿಸದೆ ಕೂರಿಸಬಹುದು. ಇರುವ ಅಕ್ಷರವನ್ನು ಪಕ್ಕದಿಂದ ಹಿಡಿದು ಅಮುಕಿ ತೆಳು ಮಾಡಬೇಡಿ.